ಲಾಭ 6.90 ಲಕ್ಷ, ಕೈಯಲ್ಲಿ 60 ಸಾವಿರ: ಉಳಿದ ದುಡ್ಡು ಎಲ್ಲಿದೆ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಗೊಬ್ಬರ, ಬೀಜ, ಔಷಧಿ ಅಂಗಡಿ ಇಟ್ಟಿದ್ದೇನೆ. 2024-25ಕ್ಕೆ 6,90,000 ಲಾಭ ಅಂತ ಆಡಿಟರ್ ಲೆಕ್ಕ ಕೊಟ್ಟಿದ್ದಾರೆ. ಮಾರ್ಚ್ 31ಕ್ಕೆ ಗಲ್ಲಾ, ಬ್ಯಾಂಕು ಎರಡೂ ಸೇರಿ ಇದ್ದದ್ದು 60,000. ಬಂಡವಾಳ ಹಾಕಿದ ತಮ್ಮ ಅರ್ಧ ಲಾಭ ಕೊಡು ಅಂತಾನೆ. ಅಂಗಡಿಯಲ್ಲಿ ಕೂರುವ ಅಕ್ಕನ ಮಗನ ಮೇಲೆ ಮನೆಯಲ್ಲಿ ಅನುಮಾನ. ಲೆಕ್ಕ ತಪ್ಪಾ, ಇಲ್ಲಾ ದುಡ್ಡು ಹೋಯಿತಾ? ಬಂದ ದುಡ್ಡಿಗೆ ಮಾತ್ರ ಲೆಕ್ಕ ಬರೆದರೆ ಆಗಲ್ವಾ? ಲೆಕ್ಕಪತ್ರ, ಉದ್ರಿ ಪಟ್ಟಿ ಕಳಿಸಿದ್ದೇನೆ.

ಉತ್ತರ: ನಿಮ್ಮ ಹಾಳೆಗಳನ್ನು ಎರಡು ಸಲ ಕೂಡಿ ನೋಡಿದೆ. ಕೂಡಿಕೆಯಲ್ಲಿ ತಪ್ಪಿಲ್ಲ. 6,90,000 ಮತ್ತು 60,000 ಎರಡೂ ಒಂದೇ ಲೆಕ್ಕದಿಂದ ಬಂದ ಅಂಕಿಗಳು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲು ದಾರಿಯಿದೆ, ಅದನ್ನು ಕೆಳಗೆ ತೋರಿಸುತ್ತೇನೆ. ಆದರೆ ಕೂಡಿಕೆ ಸರಿ ಬಂತು ಅಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಅಂತ ಅಲ್ಲ. ಅಕ್ಕನ ಮಗನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಅವನನ್ನು ಏನೂ ಅನ್ನಬೇಡಿ.

ಒಂದು ಬಿಲ್ಲಿನಿಂದ ಶುರು ಮಾಡೋಣ. ಜೂನ್ 20ಕ್ಕೆ ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳದ ಬೀಜ, ಡಿಎಪಿ, ಯೂರಿಯಾ ಸೇರಿ 13,500ರ ಮಾಲು ಒಯ್ದರು ಅಂದುಕೊಳ್ಳಿ. ನಿಮಗೆ ಆ ಮಾಲು ಬಿದ್ದದ್ದು 11,700ಕ್ಕೆ. ದುಡ್ಡು ಕೊಯ್ಲಾದ ಮೇಲೆ, ಡಿಸೆಂಬರ್‌ನಲ್ಲಿ. ಇದರಲ್ಲಿ 1,800 ಲಾಭ ಅಲ್ವಾ? ಪ್ರಶ್ನೆ ಇರುವುದು ಯಾವ ದಿನದ ಲಾಭ ಅನ್ನುವುದರಲ್ಲಿ.

ನಿಮ್ಮ ಆಡಿಟರ್ ಅನುಸರಿಸಿರುವುದು ಮರ್ಕೆಂಟೈಲ್ ಪದ್ಧತಿ. ಪುಸ್ತಕಗಳಲ್ಲಿ ಅದನ್ನೇ ಅಕ್ರೂಯಲ್ ಅನ್ನುತ್ತಾರೆ. ಇದರಲ್ಲಿ ಮಾಲು ಕೊಟ್ಟು ಬಿಲ್ ಹರಿದ ದಿನವೇ ಮಾರಾಟ ಆಯಿತು. ನಿಮ್ಮ ಕಡೆಯ ಕೆಲಸ ಮುಗಿದಿದೆ, 13,500 ಕೇಳುವ ಹಕ್ಕು ನಿಮಗೆ ಬಂದಿದೆ. ಹಾಗಾಗಿ 1,800 ಜೂನ್ 20ರ ಲಾಭ. ನಗದು ಪದ್ಧತಿಯಲ್ಲಿ, ಅಂದರೆ ಕ್ಯಾಶ್ ಬೇಸಿಸ್‌ನಲ್ಲಿ, ಜೂನ್ 20ಕ್ಕೆ ಬರೆಯಲು ಏನೂ ಇಲ್ಲ. ಮಾಲಿನ ದುಡ್ಡನ್ನು ನೀವು ಮೇ ತಿಂಗಳಲ್ಲೇ ಸರಬರಾಜುದಾರರಿಗೆ ಕಟ್ಟಿದ್ದರೆ, ಮೇನಲ್ಲಿ 11,700 ಖರ್ಚು, ಡಿಸೆಂಬರ್‌ನಲ್ಲಿ 13,500 ಆದಾಯ. ನಡುವಿನ ಏಳು ತಿಂಗಳು ಆ ವ್ಯಾಪಾರ ನಷ್ಟದಲ್ಲಿ ಇದ್ದ ಹಾಗೆ ಕಾಣುತ್ತದೆ.

ಹಳೇ ಅಂಗಡಿಗಳಲ್ಲಿ ದಿನದ ನಗದು ಬರೆಯುವ ಕಿರ್ದಿ ಬೇರೆ, ಉದ್ರಿ ಖಾತೆ ಬೇರೆ ಇರುತ್ತಿತ್ತು. ನೀವು ಈಗ ಕಿರ್ದಿಯನ್ನು ಮಾತ್ರ ನೋಡಿ ದುಡ್ಡು ಇಲ್ಲ ಅನ್ನುತ್ತಿದ್ದೀರಿ. ಆಡಿಟರ್ ಎರಡನ್ನೂ ಕೂಡಿ ಲಾಭ ಇದೆ ಅನ್ನುತ್ತಿದ್ದಾರೆ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಜಿಎಸ್‌ಟಿ ಬದಿಗಿಟ್ಟು, ಸಾವಿರಗಳಿಗೆ ಹೊಂದಿಸಿಕೊಂಡಿದ್ದೇನೆ. ವರ್ಷದ ಮಾರಾಟ 90 ಲಕ್ಷ. ಮಾರಿದ ಮಾಲಿನ ಅಸಲು 78 ಲಕ್ಷ. ಉಳಿದ 12 ಲಕ್ಷದಲ್ಲಿ ಬಾಡಿಗೆ, ಸಂಬಳ, ಹಮಾಲಿ, ಕರೆಂಟು ಎಲ್ಲ ಸೇರಿ 3,80,000. ಗಾಡಿ ಸಾಲದ ಬಡ್ಡಿ 40,000. ಗಾಡಿಯ ಸವಕಳಿ 90,000. ಇದನ್ನೆಲ್ಲ ಕಳೆದರೆ 6,90,000. ವರ್ಷದ ಶುರುವಿನಲ್ಲಿ ನಿಮ್ಮ ಕೈಯಲ್ಲಿ 4,00,000 ಇತ್ತು, ಕೊನೆಗೆ 60,000. ಅಂದರೆ ಲಾಭ 6,90,000 ಆಗಿದ್ದರೂ ದುಡ್ಡು 3,40,000 ಕಡಿಮೆಯಾಗಿದೆ. ನಿಮ್ಮ ಮನೆಯವರಿಗೆ ಅನುಮಾನ ಬಂದದ್ದು ಸಹಜವೇ.

ಲಾಭದಿಂದ ಹೊರಡೋಣ. ಮೊದಲು ಸವಕಳಿ 90,000 ವಾಪಸ್ ಸೇರಿಸಿ. 6 ಲಕ್ಷದ ಗಾಡಿ ಒಂದು ವರ್ಷದಲ್ಲಿ ಸವೆದದ್ದಕ್ಕೆ ಶೇ. 15ರಂತೆ ಲೆಕ್ಕದಲ್ಲಿ ತೆಗೆದ ಖರ್ಚು ಅದು. ಅದಕ್ಕಾಗಿ ಯಾರಿಗೂ ದುಡ್ಡು ಕೊಟ್ಟಿಲ್ಲ. ಈಗ 7,80,000.

ಮುಂದೆ ದೊಡ್ಡ ತಿರುವು. ರೈತರಿಂದ ಬರಬೇಕಾದ ಉದ್ರಿ ವರ್ಷದ ಶುರುವಿಗೆ 10 ಲಕ್ಷ ಇತ್ತು, ಕೊನೆಗೆ 17 ಲಕ್ಷ ಆಗಿದೆ. ಹೆಚ್ಚಾದ 7 ಲಕ್ಷ ಲಾಭದ ಲೆಕ್ಕದಲ್ಲಿದೆ, ಗಲ್ಲಾದಲ್ಲಿ ಇಲ್ಲ. ಕಳೆದರೆ ಉಳಿಯುವುದು 80,000. ನಿಮ್ಮ ಲಾಭದಷ್ಟೇ ದೊಡ್ಡ ಮೊತ್ತ ಈ ಒಂದೇ ಹೆಜ್ಜೆಯಲ್ಲಿ ಹೋಯಿತು, ನೋಡಿ.

ಆಮೇಲೆ ಗೋಡೌನು. ಶುರುವಿನ ಸ್ಟಾಕ್ 12 ಲಕ್ಷ, ಕೊನೆಯದು 15,50,000. ಹೆಚ್ಚುವರಿ ಮಾಲಿಗೆ 3,50,000 ಹೋಗಿದೆ, ಅದು ಇನ್ನೂ ಮಾರಾಟ ಆಗಿಲ್ಲವಾದ್ದರಿಂದ ಖರ್ಚಿಗೆ ಬಂದಿಲ್ಲ. ಈಗ ಮೊತ್ತ ಸೊನ್ನೆಗಿಂತ ಕೆಳಗೆ 2,70,000. ಇಲ್ಲಿ ನಿಮ್ಮನ್ನು ಎತ್ತಿ ಹಿಡಿದವರು ಸರಬರಾಜುದಾರರು. ಅವರಿಗೆ ಕೊಡಬೇಕಾದ ಬಾಕಿ 11 ಲಕ್ಷದಿಂದ 15 ಲಕ್ಷಕ್ಕೆ ಏರಿದೆ. ಅಂದರೆ 4 ಲಕ್ಷದ ಮಾಲನ್ನು ದುಡ್ಡು ಕೊಡದೆ ತಂದಿದ್ದೀರಿ. ಅದನ್ನು ಸೇರಿಸಿದರೆ 1,30,000.

ಈ 1,30,000 ಅಂಗಡಿಯ ವ್ಯಾಪಾರದಿಂದ ವರ್ಷವಿಡೀ ನಿಜವಾಗಿ ಕೈಗೆ ಬಂದ ದುಡ್ಡು. ಬೇರೆ ದಾರಿಯಿಂದಲೂ ತಾಳೆ ನೋಡಬಹುದು. ರೈತರಿಂದ ವಸೂಲಾದದ್ದು 83 ಲಕ್ಷ. ಸರಬರಾಜುದಾರರಿಗೆ ಕಟ್ಟಿದ್ದು 77,50,000. ಅಂಗಡಿ ಖರ್ಚು, ಬಡ್ಡಿ ಸೇರಿ 4,20,000. ಕಳೆದು ನೋಡಿ, ಅದೇ 1,30,000 ಬರುತ್ತದೆ.

ಈ 1,30,000 ಕೂಡ ಏಕೆ ಉಳಿಯಲಿಲ್ಲ? ಗಾಡಿಗೆ ನೀವು ಕೈಯಿಂದ ಹಾಕಿದ್ದು 1,50,000, ಉಳಿದ 4,50,000 ಸಾಲ. ತಿಂಗಳಿಗೆ 10,000ದಂತೆ 11 ಕಂತು ಕಟ್ಟಿದ್ದೀರಿ. ಅದರಲ್ಲಿ 40,000 ಮಾತ್ರ ಬಡ್ಡಿ. ಬಾಕಿ 70,000 ಅಸಲು. ಅಸಲು ತೀರಿಸುವುದು ಖರ್ಚಲ್ಲ, ಲಾಭದ ಲೆಕ್ಕದಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಆದರೆ ಬ್ಯಾಂಕಿನಿಂದ ದುಡ್ಡು ಹೋಗುತ್ತದೆ. ಮನೆಗೆ ತಿಂಗಳಿಗೆ 15,000, ಮಗಳ ಕಾಲೇಜು ಫೀಸಿಗೆ 70,000, ಒಟ್ಟು 2,50,000 ತೆಗೆದಿದ್ದೀರಿ. ಇದೂ ಅಂಗಡಿಯ ಖರ್ಚಲ್ಲ, ನಿಮ್ಮ ಬಂಡವಾಳದಿಂದ ತೆಗೆದದ್ದು. ಮೂರನ್ನೂ ಕೂಡಿಸಿದರೆ 4,70,000. ಬಂದದ್ದು 1,30,000, ಹೋದದ್ದು 4,70,000, ಕೊರತೆ 3,40,000. ಶುರುವಿನ 4,00,000ದಿಂದ ಅದನ್ನು ಕಳೆದರೆ ನಿಮ್ಮ 60,000.

ಆ 60,000ದ ಬಗ್ಗೆ ಒಂದು ಮಾತು. ಸರಬರಾಜುದಾರರು ಹಿಂದಿನ ವರ್ಷದಷ್ಟೇ ಉದ್ರಿ ಕೊಟ್ಟಿದ್ದರೆ ಮಾರ್ಚ್‌ನಲ್ಲಿ ನೀವು 3,40,000 ಸಾಲ ತರಬೇಕಿತ್ತು. ಲಾಭಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಇದು.

ಈಗ ಅಕ್ಕನ ಮಗನ ವಿಷಯ. ರೂಪಾಯಿಗೆ ರೂಪಾಯಿ ತಾಳೆಯಾಯಿತಲ್ಲ, ಹಾಗಾದರೆ ಯಾರೂ ತೆಗೆದಿಲ್ಲ ಅಂತ ಅನ್ನಿಸಬಹುದು. ಹಾಗೆ ಹೇಳಲು ಬರುವುದಿಲ್ಲ. ಜಮಾ-ಖರ್ಚಿನ ಎರಡು ಬದಿ ಸಮ ಇರುವಂತೆ ಬರೆದ ಲೆಕ್ಕದಲ್ಲಿ ಈ ತಾಳೆ ಯಾವಾಗಲೂ ಆಗುತ್ತದೆ. ಕಾಣೆಯಾದ ದುಡ್ಡು ನಗದಿನಲ್ಲಿ ಕಾಣುವುದಿಲ್ಲ, ಹೆಚ್ಚಾಗಿ ಎರಡು ಕಡೆ ಅಡಗಿ ಕೂರುತ್ತದೆ. ಒಂದು, ರೈತ ದುಡ್ಡು ಕೊಟ್ಟಿದ್ದಾನೆ, ಆದರೆ ಅಂಗಡಿಯಲ್ಲಿ ಜಮಾ ಬರೆದಿಲ್ಲ. ಆಗ ಅದು ಉದ್ರಿ ಪಟ್ಟಿಯಲ್ಲಿ ಬಾಕಿ ಅಂತಲೇ ಉಳಿದಿರುತ್ತದೆ. ಎರಡು, ಮಾಲು ಹೊರಗೆ ಹೋಗಿದೆ, ಬಿಲ್ ಇಲ್ಲ. ಸ್ಟಾಕನ್ನು ಎಣಿಸದೆ ಅಂದಾಜಿನಲ್ಲಿ ಬರೆದರೆ ಅದು ಗೋಡೌನಿನಲ್ಲಿ ಇದೆ ಅಂತಲೇ ಲೆಕ್ಕ ಹೇಳುತ್ತದೆ. ನಿಮ್ಮಲ್ಲಿ ಬೆಳೆದಿರುವುದೂ ಈ ಎರಡು ಅಂಕಿಗಳೇ, 17 ಲಕ್ಷ ಮತ್ತು 15,50,000. ಹಾಗಾಗಿ ಪರೀಕ್ಷೆ ಆಗಬೇಕಾದದ್ದು ಅಲ್ಲಿ.

ಉದ್ರಿ ಪಟ್ಟಿ ಹಿಡಿದು ರೈತರ ಹತ್ತಿರ ನೀವೇ ಹೋಗಿ. ಅಕ್ಕನ ಮಗನನ್ನು ಕಳಿಸಬೇಡಿ, ಜೊತೆಗೂ ಕರೆದುಕೊಂಡು ಹೋಗಬೇಡಿ. ದುಡ್ಡು ಕೇಳಲು ಹೋದಂತೆ ಹೋಗಬೇಡಿ. "ನನ್ನ ಖಾತೆಯಲ್ಲಿ ಇಷ್ಟು ಬಾಕಿ ಇದೆ, ನಿಮ್ಮ ಲೆಕ್ಕದಲ್ಲಿ ಎಷ್ಟಿದೆ?" ಅಂತ ಮಾತ್ರ ಕೇಳಿ. ಎಲ್ಲರ ಹತ್ತಿರ ಹೋಗಲು ಆಗದಿದ್ದರೆ ದೊಡ್ಡ ಬಾಕಿಯ ಇಪ್ಪತ್ತು ಜನ, ಮತ್ತೆ ಕಣ್ಣು ಮುಚ್ಚಿ ಆರಿಸಿದ ಹತ್ತು ಸಣ್ಣ ಬಾಕಿಯವರು ಸಾಕು. "ಡಿಸೆಂಬರ್‌ನಲ್ಲೇ ಕೊಟ್ಟೆನಲ್ಲ" ಅಂತ ಯಾರಾದರೂ ಅಂದರೆ ರಸೀದಿ ಕೇಳಿ. ಫೋನಿನಲ್ಲಿ ಹಾಕಿದ್ದರೆ ಯಾವ ನಂಬರಿಗೆ ಹೋಗಿದೆ ನೋಡಿ, ಅಂಗಡಿಯ ಕ್ಯೂಆರ್‌ಗಾ, ಬೇರೆ ಯಾರ ಖಾತೆಗಾ ಅಂತ.

ಹಾಗೆ ಒಂದೆರಡು ಸಿಕ್ಕ ಮಾತ್ರಕ್ಕೆ ತೀರ್ಮಾನ ಮಾಡಬೇಡಿ. ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಅಂಗಡಿಯ ಲೆಕ್ಕ ನನ್ನ ಹತ್ತಿರ ಬಂದಿತ್ತು. ಅಲ್ಲಿ ಕೆಲಸದ ಹುಡುಗನನ್ನು ಆಗಲೇ ಮನೆಗೆ ಕಳಿಸಿಬಿಟ್ಟಿದ್ದರು. ಕೂತು ನೋಡಿದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ರೈತರಿದ್ದರು. ಒಬ್ಬರು ಕೊಟ್ಟ ದುಡ್ಡು ಇನ್ನೊಬ್ಬರ ಖಾತೆಗೆ ಜಮಾ ಆಗಿತ್ತು. ಒಬ್ಬರ ಬಾಕಿ ಸುಮ್ನೆ ಬೆಳೆದಿತ್ತು, ಇನ್ನೊಬ್ಬರ ಖಾತೆಯಲ್ಲಿ ಅಂಗಡಿಯೇ ಅವರಿಗೆ ಕೊಡಬೇಕು ಅಂತ ತೋರಿಸುತ್ತಿತ್ತು. ಆ ಹುಡುಗ ವಾಪಸ್ ಬರಲಿಲ್ಲ. ಅದು ನನಗೆ ಈಗಲೂ ನೋವಿನ ವಿಷಯ. ಅದಕ್ಕೇ ಹೇಳುತ್ತೇನೆ, ನಿಮ್ಮ ಪಟ್ಟಿಯಲ್ಲಿ ಯಾವ ರೈತರ ಖಾತೆಯಾದರೂ ಉಲ್ಟಾ ಇದ್ದರೆ, ಅಂದರೆ ಅವರೇ ಜಾಸ್ತಿ ಕೊಟ್ಟಂತೆ ಕಂಡರೆ, ಮೊದಲು ಅದನ್ನು ಹಿಡಿಯಿರಿ. ನೀವು ಕಳಿಸಿದ ಹಾಳೆಯಲ್ಲಿ ಅಂಥವು ನಾಲ್ಕು ಇವೆ.

ಈ ಪಟ್ಟಿಯಿಂದ ಇನ್ನೊಂದು ಕೆಲಸವೂ ಆಗಬೇಕು, ನನ್ನ ಮಟ್ಟಿಗೆ ಅದೇ ಮುಖ್ಯ. 17 ಲಕ್ಷದಲ್ಲಿ ಎಲ್ಲ ಬಾಕಿಯೂ ಒಂದೇ ಥರದ್ದಲ್ಲ. ಅಂಗಡಿಯಲ್ಲಿ ಟ್ಯಾಲಿ ಇದೆಯಲ್ಲ, ಅದರ `Outstandings` ವರದಿಯಲ್ಲಿ ಯಾವ ಬಿಲ್ಲು ಎಷ್ಟು ದಿನದ್ದು ಅಂತ ಸಿಗುತ್ತದೆ. ನಾನು ನಿಮ್ಮ ಪಟ್ಟಿಯನ್ನು ಬಿಲ್ ದಿನಾಂಕದ ಮೇಲೆ ಮೂರು ಭಾಗ ಮಾಡಿದೆ. ಜನವರಿಯಿಂದ ಮಾರ್ಚ್ ನಡುವೆ ಒಯ್ದದ್ದು 7,50,000. ಇದು ಹೆಚ್ಚಾಗಿ ಮಲೇಬೆನ್ನೂರು, ಹರಿಹರದ ಕಡೆ ಭದ್ರಾ ನೀರಿನಲ್ಲಿ ಬೇಸಿಗೆ ಭತ್ತ ಹಾಕಿದವರದ್ದು. ಅವರ ಕೊಯ್ಲು ಏಪ್ರಿಲ್-ಮೇನಲ್ಲಿ. ಮಾರ್ಚ್ 31ಕ್ಕೆ ಇವರು ಬಾಕಿ ಇರುವುದು ಸಹಜ, ದುಡ್ಡು ಬರುವ ಕಾಲ ಈಗಷ್ಟೇ ಬಂದಿದೆ.

ಎರಡನೆಯ ಭಾಗ 6,00,000. ಇದು 2024ರ ಮುಂಗಾರಿನಲ್ಲಿ ಮೆಕ್ಕೆಜೋಳಕ್ಕೆ ಒಯ್ದದ್ದು. ಜೂನ್-ಜುಲೈನಲ್ಲಿ ಬಿತ್ತಿದ ಜೋಳ ಅಕ್ಟೋಬರ್-ನವೆಂಬರ್‌ಗೆ ಬಂದು ಮಾರಾಟವೂ ಆಗಿರುತ್ತದೆ. ಆ ದುಡ್ಡು ಕೈಗೆ ಬಂದಾಗಲೂ ನಿಮಗೆ ಕೊಡದವರು ಮಾರ್ಚ್‌ವರೆಗೆ ಏಕೆ ಉಳಿದರು ಅಂತ ಒಬ್ಬೊಬ್ಬರನ್ನೇ ನೋಡಬೇಕು. ಮೂರನೆಯದು 3,50,000, ಬರಗಾಲದ 2023ರದ್ದು. ಎರಡು ಬೆಳೆ ಆದರೂ ಬಂದಿಲ್ಲ.

ಮರ್ಕೆಂಟೈಲ್ ಪದ್ಧತಿಯ ದುರ್ಬಲ ಜಾಗ ಇದೇ. ಬಿಲ್ ಹರಿದ ದಿನ ಲಾಭ ಬರೆಯುತ್ತದೆ, ಆಮೇಲೆ ದುಡ್ಡು ಬರುವುದಿಲ್ಲ ಅಂತ ಗೊತ್ತಾದರೂ ನೀವು ಹೇಳುವವರೆಗೆ ಸುಮ್ಮನಿರುತ್ತದೆ. ಬಾರದ ಉದ್ರಿಯನ್ನು ಲೆಕ್ಕದಿಂದ ತೆಗೆದು ನಷ್ಟಕ್ಕೆ ಹಾಕಬೇಕಾದವರು ನೀವೇ. 2023ರ 3,50,000 ಬರುವುದಿಲ್ಲ ಅಂತ ನಿಮಗೆ ಮನಸ್ಸಿನಲ್ಲಿ ಖಚಿತ ಇದ್ದು, 2024-25ರ ಲೆಕ್ಕದಲ್ಲೇ ಅದನ್ನು ತೆಗೆದರೆ, ಲಾಭ 6,90,000 ಅಲ್ಲ, 3,40,000. ಆದಾಯ ತೆರಿಗೆಯಲ್ಲೂ ಇದಕ್ಕೆ ಅವಕಾಶ ಇದೆ, ಆದರೆ ಪುಸ್ತಕದಲ್ಲಿ ನಿಜವಾಗಿ ತೆಗೆದಿರಬೇಕು. ಆಮೇಲೆ ರೈತರು ಕೊಟ್ಟರೆ ಕೊಟ್ಟ ವರ್ಷದ ಆದಾಯವಾಗುತ್ತದೆ. ಲೆಕ್ಕದಿಂದ ತೆಗೆದಿರಿ ಅಂದರೆ ಸಾಲ ಮನ್ನಾ ಮಾಡಿದಿರಿ ಅಂತ ಅಲ್ಲ, ಕೇಳುವ ಹಕ್ಕು ಇದ್ದೇ ಇರುತ್ತದೆ. ಆ ಹಕ್ಕಿಗೆ ಕೋರ್ಟಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಗಡುವಿನ ಒಳಗೆ ರೈತರು ಬಾಕಿ ಒಪ್ಪಿ ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಹೇಗೂ ಬಾಕಿ ತಾಳೆ ನೋಡಲು ಹೋಗುತ್ತೀರಲ್ಲ, ಖಾತೆಯ ಕೆಳಗೆ ದಿನಾಂಕ ಹಾಕಿಸಿ ಸಹಿ ಮಾಡಿಸಿಕೊಂಡು ಬನ್ನಿ.

ಸ್ಟಾಕಿನ ಬಗ್ಗೆ ನಿಮ್ಮನ್ನು ನೇರವಾಗಿ ಕೇಳುತ್ತೇನೆ. 15,50,000 ಅನ್ನುವುದು ಎಣಿಸಿ ಬಂದ ಅಂಕಿಯಾ, ಆಡಿಟರ್ ಕೇಳಿದಾಗ ಫೋನಿನಲ್ಲಿ ಹೇಳಿದ್ದಾ? ನಮ್ಮ ಕಡೆ ಬಹಳ ಅಂಗಡಿಗಳಲ್ಲಿ ಎರಡನೆಯದೇ. ಕೊನೆಯ ಸ್ಟಾಕಿನಲ್ಲಿ 2 ಲಕ್ಷ ಜಾಸ್ತಿ ಬರೆದರೆ ಲಾಭವೂ 2 ಲಕ್ಷ ಜಾಸ್ತಿ ಆಗುತ್ತದೆ. ನಡುವೆ ಯಾವ ತಡೆಯೂ ಇಲ್ಲ. ಎಣಿಸಿದರೂ ಸಾಲದು. ಅವಧಿ ಮುಗಿದ ಬೀಜದ ಪ್ಯಾಕೆಟ್ಟು, ದಿನಾಂಕ ದಾಟಿದ ಔಷಧಿ ಬಾಟಲಿ, ನೀರು ಹೀರಿ ಗಟ್ಟಿಯಾದ ಯೂರಿಯಾ ಚೀಲ, ಇವನ್ನು ಕೊಂಡ ಬೆಲೆಗೆ ಹಿಡಿಯುವ ಹಾಗಿಲ್ಲ. ಕೊಂಡ ಬೆಲೆ, ಈಗ ಮಾರಿದರೆ ಕೈಗೆ ಸಿಗುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು. ಕಂಪನಿ ವಾಪಸ್ ತೆಗೆದುಕೊಳ್ಳದ ಹಳೇ ಬೀಜಕ್ಕೆ ಆ ಬೆಲೆ ಹೆಚ್ಚುಕಡಿಮೆ ಸೊನ್ನೆ.

ನಗದು ಪದ್ಧತಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ಕಾನೂನಿನಲ್ಲಿ ನಿಮಗೆ ಅಡ್ಡಿಯಿಲ್ಲ. 2024-25ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 145ನೇ ಕಲಮಿನ ಪ್ರಕಾರ ವ್ಯಾಪಾರದ ಆದಾಯವನ್ನು ನಗದು ಅಥವಾ ಮರ್ಕೆಂಟೈಲ್, ಯಾವುದಾದರೂ ಒಂದು ಪದ್ಧತಿಯಲ್ಲಿ ಲೆಕ್ಕ ಹಾಕಬಹುದು. ಷರತ್ತು ಏನೆಂದರೆ ಅದನ್ನೇ ನಿಯಮಿತವಾಗಿ ಅನುಸರಿಸಬೇಕು. ಬೇಕಾದ ವರ್ಷ ಇದು, ಬೇಡದ ವರ್ಷ ಅದು ಅಂತ ಬದಲಿಸುವ ಹಾಗಿಲ್ಲ. ಕಂಪನಿಯಾಗಿದ್ದರೆ ಆ ಆಯ್ಕೆಯೂ ಇರುತ್ತಿರಲಿಲ್ಲ, 2013ರ ಕಂಪನಿ ಕಾಯ್ದೆಯಲ್ಲಿ ಮರ್ಕೆಂಟೈಲ್ ಕಡ್ಡಾಯ.

ಆದರೂ ನಿಮ್ಮ ಅಂಗಡಿಗೆ ಅದು ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾರಣವನ್ನು ನಿಮ್ಮ ಅಂಕಿಯಲ್ಲೇ ನೋಡಿ. ನಗದು ಲೆಕ್ಕದಲ್ಲಿ ನಿಮ್ಮ ಈ ವರ್ಷದ ಗಳಿಕೆ, ಸವಕಳಿ ಕಳೆಯುವ ಮೊದಲು, 1,30,000. ಮಾರ್ಚ್ 28ಕ್ಕೆ ಒಬ್ಬ ಸರಬರಾಜುದಾರರಿಗೆ 3,00,000 ಕಟ್ಟಬೇಕಿತ್ತು, ಅದನ್ನು ಏಪ್ರಿಲ್ 2ಕ್ಕೆ ಕಟ್ಟಿದಿರಿ ಅಂದುಕೊಳ್ಳಿ. ಗಳಿಕೆ 4,30,000 ಆಗಿಬಿಡುತ್ತದೆ. ಅಂಗಡಿಯಲ್ಲಿ ಒಂದು ಚೀಲವೂ ಹೆಚ್ಚು ಮಾರಿಲ್ಲ, ಐದು ದಿನ ತಡ ಮಾಡಿದಿರಿ ಅಷ್ಟೇ. ಮರ್ಕೆಂಟೈಲ್‌ನಲ್ಲಿ ಆ ಐದು ದಿನದಿಂದ ಲಾಭ ಒಂದು ರೂಪಾಯಿಯೂ ಅಲುಗುವುದಿಲ್ಲ. ಇದೇ ಥರ, ಮುಂಗಾರಿಗೆ ಅಂತ ಮಾರ್ಚ್‌ನಲ್ಲೇ ದುಡ್ಡು ಕೊಟ್ಟು ಮಾಲು ತುಂಬಿಸಿದರೆ ನಗದು ಲೆಕ್ಕದಲ್ಲಿ ಆ ವರ್ಷ ನಷ್ಟ, ಮುಂದಿನ ವರ್ಷ ಭಾರೀ ಲಾಭ. ಅಂಗಡಿ ಬೆಳೆಯುತ್ತಿದೆಯಾ, ಮುಳುಗುತ್ತಿದೆಯಾ ಅಂತ ಅದರಿಂದ ತಿಳಿಯುವುದೇ ಇಲ್ಲ. ಸ್ಟಾಕ್ ಇಲ್ಲದ, ಉದ್ರಿ ಕಡಿಮೆ ಇರುವ ವೈದ್ಯರು, ವಕೀಲರಿಗೆ ನಗದು ಪದ್ಧತಿ ಚೆನ್ನಾಗಿ ಹೊಂದುತ್ತದೆ.

ಜಿಎಸ್‌ಟಿಯೂ ನಗದಿಗೆ ಕಾಯುವುದಿಲ್ಲ. ಸಾಮಾನ್ಯ ನೋಂದಣಿ ಇದ್ದು ತಿಂಗಳ ರಿಟರ್ನ್ ಹಾಕುವವರಾದರೆ, ಜೂನ್‌ನಲ್ಲಿ ಹರಿದ ಔಷಧಿ ಬಿಲ್ಲಿನ ತೆರಿಗೆಯನ್ನು ಜುಲೈ 20ರೊಳಗೆ ಕಟ್ಟಬೇಕು, ರೈತರು ಡಿಸೆಂಬರ್‌ನಲ್ಲಿ ಕೊಟ್ಟರೂ ಸರಿ. ಅದರ ಜೊತೆಗೆ, ಸರಬರಾಜುದಾರರ ಬಿಲ್ಲನ್ನು 180 ದಿನದೊಳಗೆ ತೀರಿಸದಿದ್ದರೆ ಆ ಬಿಲ್ಲಿನ ಮೇಲೆ ನೀವು ಪಡೆದ ತೆರಿಗೆ ಜಮೆಯನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ, ಬಿಲ್ಲು ತೀರಿಸಿದ ಮೇಲೆ ಆ ಜಮೆ ಮತ್ತೆ ಸಿಗುತ್ತದೆ. ನಿಮ್ಮ 15 ಲಕ್ಷ ಬಾಕಿಯಲ್ಲಿ ಅಷ್ಟು ಹಳೆಯದು ಇದೆಯಾ ನೋಡಿಕೊಳ್ಳಿ. ಅದರಲ್ಲಿ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಅಂತ ನೋಂದಾಯಿಸಿದ ತಯಾರಕರು ಇದ್ದರೆ ಅವರದ್ದನ್ನು ಮೊದಲು ತೀರಿಸಿ. ಬರೆದ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನ ಗಡುವು. ಗಡುವು ದಾಟಿ ಮಾರ್ಚ್ 31ಕ್ಕೂ ಬಾಕಿ ಉಳಿದದ್ದನ್ನು ತೆರಿಗೆ ಲೆಕ್ಕದಲ್ಲಿ ಆ ವರ್ಷದ ಖರ್ಚು ಅಂತ ಒಪ್ಪುವುದಿಲ್ಲ, ಕಟ್ಟಿದ ವರ್ಷ ಒಪ್ಪುತ್ತಾರೆ. ಮರ್ಕೆಂಟೈಲ್ ಬರೆಯುವವರಿಗೂ ಈ ಒಂದು ಕಡೆ ನಗದಿನ ನಿಯಮವೇ.

ತೆರಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮನೆಯಲ್ಲಿ ಆ ಭಯವೂ ಇರಬಹುದು. ಬೇರೆ ಆದಾಯ ಇಲ್ಲದಿದ್ದರೆ, 2024-25ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. 2025-26ರಿಂದ ಆ ಮಿತಿ 12 ಲಕ್ಷ. ರಿಟರ್ನ್ ಮಾತ್ರ ಹಾಕಲೇಬೇಕು.

ಲಾಭ ಇಲ್ಲದೆ ದುಡ್ಡು ತುಂಬಿರುವುದೂ ಉಂಟು. ನನಗೆ ಗೊತ್ತಿರುವ ಒಂದು ಕಲ್ಯಾಣ ಮಂಟಪಕ್ಕೆ ಫೆಬ್ರುವರಿ-ಮಾರ್ಚ್‌ನಲ್ಲಿ ಮೇ ತಿಂಗಳ ಮದುವೆಗಳ ಮುಂಗಡ ಬರುತ್ತದೆ. ಬ್ಯಾಂಕ್ ತುಂಬಿರುತ್ತದೆ, ಆದರೆ ಮದುವೆ ನಡೆಯುವವರೆಗೆ ಅದು ಅವರ ಆದಾಯ ಅಲ್ಲ, ಬುಕ್ ಮಾಡಿದವರಿಗೆ ಕೊಡಬೇಕಾದ ಬಾಕಿ. ಒಂದು ವರ್ಷ ಆ ದುಡ್ಡನ್ನು ಬಣ್ಣ, ಕುರ್ಚಿಗೆ ಹಾಕಿದರು. ಎರಡು ಮದುವೆ ರದ್ದಾದಾಗ ವಾಪಸ್ ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ನಿಮ್ಮ ತೊಂದರೆಗೆ ಸರಿಯಾಗಿ ಎದುರು ಮುಖ ಅದು.

ಕೊನೆಗೆ ತಮ್ಮನವರ ಪಾಲು. ಅವರು ಕೇಳುತ್ತಿರುವುದು ತಪ್ಪಲ್ಲ. ಮಾತು ಲಾಭದಲ್ಲಿ ಅರ್ಧ ಅಂತ ಆಗಿದ್ದರೆ ಪಾಲು ಅವರದ್ದೇ. ಆದರೆ ಈಗಲೇ 3,45,000 ನಗದು ಕೊಡಬೇಕೆಂದರೆ ಬ್ಯಾಂಕಿನಿಂದಲೋ ಸರಬರಾಜುದಾರರಿಂದಲೋ ಸಾಲ ತಂದೇ ಕೊಡಬೇಕು, ಅದರ ಬಡ್ಡಿ ಮುಂದಿನ ವರ್ಷ ಇಬ್ಬರ ಲಾಭವನ್ನೂ ತಿನ್ನುತ್ತದೆ. ನನ್ನ ಸಲಹೆ ಹೀಗಿದೆ. ಬಾರದ ಉದ್ರಿಯನ್ನೂ ಕೆಟ್ಟ ಮಾಲನ್ನೂ ತೆಗೆದ ಮೇಲೆ ಉಳಿಯುವ ಲಾಭದಲ್ಲಿ ಅರ್ಧವನ್ನು ಅವರ ಖಾತೆಗೆ ಜಮಾ ಮಾಡಿ. 3,50,000 ತೆಗೆದರೆ ಅದು 1,70,000 ಆಗುತ್ತದೆ. ಆ ಮೊತ್ತ ಅವರಿಗೆ ಅಂಗಡಿ ಕೊಡಬೇಕಾದ ಬಾಕಿಯಾಗಿ ಪುಸ್ತಕದಲ್ಲಿ ಇರಲಿ. ನಗದು ಮಾತ್ರ ಭತ್ತದ ಉದ್ರಿ ವಸೂಲಾದ ಹಾಗೆ ಕಂತಿನಲ್ಲಿ ಕೊಡಿ. ನೀವು ಮನೆಗೆ ತೆಗೆದ 2,50,000ವನ್ನೂ ಅವರ ಮುಂದೆ ಇಡಿ. ಅವರು ಲಾಭ ಕೇಳುವಾಗ ಅದು ನಿಮ್ಮ ಪಾಲಿನ ಮುಂಗಡವಾ, ನಿಮ್ಮ ದುಡಿಮೆಯ ಸಂಬಳವಾ ಅನ್ನುವುದು ಇಬ್ಬರಲ್ಲೂ ತೀರ್ಮಾನ ಆಗಬೇಕು. ಈ ಒಪ್ಪಂದ ಬರಹದಲ್ಲಿ ಇಲ್ಲ ಅಂತ ನಿಮ್ಮ ಹಾಳೆಗಳಿಂದ ಕಾಣುತ್ತದೆ, ಅವರ ದುಡ್ಡನ್ನು ಆಡಿಟರ್ ಸಾಲ ಅಂತ ತೋರಿಸಿದ್ದಾರೆ. ಮೊದಲು ಅದನ್ನು ಬರೆಸಿ.

ಮಾಡುವ ಕೆಲಸದ ಸಮಯ ಹೇಳುತ್ತೇನೆ. ಜೂನ್‌ನಲ್ಲಿ ಮಳೆ ಬಿದ್ದರೆ ಬೀಜಕ್ಕೆ ಅದೇ ರೈತರು ನಿಮ್ಮ ಬಾಗಿಲಿಗೆ ಬರುತ್ತಾರೆ, ಬಾಕಿಗೆ ಸಹಿ ಮೊದಲೇ ಆಗಿದ್ದರೆ ಆಗ ಹಳೇ ಬಾಕಿಯ ಮಾತು ಎತ್ತುವುದು ಇಬ್ಬರಿಗೂ ಸುಲಭ. ಆದ್ದರಿಂದ ಸಹಿ ಮಾಡಿಸುವ ಕೆಲಸವನ್ನು ಮೇ ಒಳಗೆ ಮುಗಿಸಿ. ಗೋಡೌನನ್ನು ಒಂದು ಭಾನುವಾರ ಅಂಗಡಿ ಮುಚ್ಚಿ ಎಣಿಸಿ, ಅಕ್ಕನ ಮಗನನ್ನೂ ಜೊತೆಗೆ ನಿಲ್ಲಿಸಿಕೊಂಡೇ ಎಣಿಸಿ. ಎಣಿಸಿದ ಮಾಲನ್ನು ಕೊಂಡ ಬೆಲೆಯಲ್ಲಿ ಹಿಡಿಯಿರಿ. ಅದಕ್ಕೆ ಏಪ್ರಿಲ್ 1ರಿಂದ ಮಾರಿದ ಮಾಲಿನ ಅಸಲನ್ನು ಕೂಡಿಸಿ, ಏಪ್ರಿಲ್ 1ರಿಂದ ಕೊಂಡದ್ದನ್ನು ಕಳೆಯಿರಿ. ಮಾರ್ಚ್ 31ಕ್ಕೆ ಗೋಡೌನಿನಲ್ಲಿ ನಿಜವಾಗಿ ಎಷ್ಟಿರಬೇಕಿತ್ತು ಅನ್ನುವುದು ಸಿಗುತ್ತದೆ. ಕೆಟ್ಟ ಮಾಲನ್ನು ಬೇರೆ ಪಟ್ಟಿ ಮಾಡಿ. ಆ ಅಂಕಿಯನ್ನೂ 15,50,000ವನ್ನೂ ಅಕ್ಕಪಕ್ಕ ಬರೆದು, ರಿಟರ್ನ್ ಹಾಕುವ ಮೊದಲೇ ಆಡಿಟರ್ ಕೈಗೆ ಕೊಡಿ.